ಗೆರೆ ಮೇಲೆ ಒಂಬತ್ತು ಹೆಜ್ಜೆ: ಕುಡಿದವರ ಕಾಲು, ನಾಲಿಗೆ ತಪ್ಪುವುದು ಯಾಕೆ?

(ನಮ್ಮೂರ ಗ್ರಂಥಾಲಯದಲ್ಲಿ ಮಾಡಿದ ಭಾಷಣವನ್ನು ಇಲ್ಲಿ ಬರೆದಿದ್ದೇನೆ. ಅಲ್ಲಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಮುಂದಿನ ಸಾಲಿನಲ್ಲಿದ್ದ ಹುಡುಗರನ್ನು ನಡೆಸಿ ತೋರಿಸಿದ್ದೆ. ಇಲ್ಲಿ ಅದನ್ನೆಲ್ಲ ಮಾತಲ್ಲೇ ಹೇಳಬೇಕು, ಹಾಗಾಗಿ ಕೆಲವು ಕಡೆ ಉದ್ದ ಆಗಿದೆ.)

ಚೆನ್ನಾಗಿ ಕುಡಿದವನೊಬ್ಬ ನಿಮ್ಮ ಕೈ ಹಿಡಿದುಕೊಂಡರೆ ಬಿಡಿಸಿಕೊಳ್ಳುವುದು ಕಷ್ಟ, ಅಲ್ವಾ? ಹಿಡಿತ ಗಟ್ಟಿಯಾಗಿರುತ್ತದೆ. ಅದೇ ಮನುಷ್ಯ ಮನೆ ಬಾಗಿಲಿಗೆ ಬಂದು ಬೀಗದ ಕೈ ತೂರಿಸಲು ಹೋಗುತ್ತಾನೆ. ತೂತಿನ ಎಡಕ್ಕೆ ಒಂದು ಸಲ, ಬಲಕ್ಕೆ ಒಂದು ಸಲ, ಮೇಲೆ ಒಂದು ಸಲ ಕುಟ್ಟುತ್ತಾನೆ, ಕೊನೆಗೆ ಒಳಗಿನಿಂದ ಯಾರಾದರೂ ಬಂದು ತೆಗೆಯಬೇಕು. ಕೈಯಲ್ಲಿ ಶಕ್ತಿ ಇದೆ. ತೂತು ಎಲ್ಲಿದೆ ಅಂತ ಕಣ್ಣಿಗೆ ಕಾಣುತ್ತದೆ. ಆದರೂ ಕೈ ಅಲ್ಲಿಗೆ ಹೋಗುವುದಿಲ್ಲ.

ನಾನು ಇವತ್ತು ಹೇಳಬೇಕು ಅಂದುಕೊಂಡಿರುವುದು ಈ ಒಂದೇ ವಿಷಯ. ಕುಡಿದವರು ತೂರಾಡುವುದು ಕಾಲಿಗೆ ಬಲ ಇಲ್ಲದ್ದಕ್ಕಲ್ಲ. ತೊದಲುವುದು ನಾಲಿಗೆ ಮರಗಟ್ಟಿದ್ದಕ್ಕಲ್ಲ. ಚಲನೆ ಶುರುವಾದ ಮೇಲೆ ಅದನ್ನು ದಾರಿಯಲ್ಲೇ ತಿದ್ದುವ ಒಂದು ಕೆಲಸ ಇದೆ, ಅದು ಕೆಡುತ್ತದೆ. ಆ ಕೆಲಸ ಮಾಡುವುದು ತಲೆಯ ಹಿಂಭಾಗದಲ್ಲಿ, ಕುತ್ತಿಗೆ ಮೇಲೆ ಕೈ ಇಟ್ಟರೆ ಸಿಗುವ ಉಬ್ಬಿನ ಒಳಗೆ ಕೂತಿರುವ ಕಿರುಮೆದುಳು.

ಹೆಸರಿಗೆ ಮಾತ್ರ ಅದು ಕಿರಿದು. ಗಾತ್ರದಲ್ಲಿ ಇಡೀ ಮೆದುಳಿನ ಸುಮಾರು ಹತ್ತನೇ ಒಂದು ಪಾಲು. ಆದರೆ ನರಕೋಶಗಳನ್ನು ಎಣಿಸಿದರೆ ಲೆಕ್ಕ ಉಲ್ಟಾ ಆಗುತ್ತದೆ. ಮೆದುಳಿನಲ್ಲಿ ಒಟ್ಟು ಸುಮಾರು 8,600 ಕೋಟಿ ನರಕೋಶಗಳಿವೆ, ಅದರಲ್ಲಿ 6,900 ಕೋಟಿಯಷ್ಟು ಈ ಒಂದು ಮುಷ್ಟಿಯಷ್ಟು ಜಾಗದಲ್ಲೇ ತುಂಬಿಕೊಂಡಿವೆ.

ಇಷ್ಟೊಂದು ಕೋಶ ಯಾಕೆ ಬೇಕು? ಒಂದು ಸಣ್ಣ ಘಟನೆ ನೆನಪಿಸಿಕೊಳ್ಳಿ. ಕರೆಂಟ್ ಹೋಗಿದೆ, ಕತ್ತಲಲ್ಲಿ ಮೆಟ್ಟಿಲು ಇಳಿಯುತ್ತಿದ್ದೀರಿ. ಇನ್ನೊಂದು ಮೆಟ್ಟಿಲು ಇದೆ ಅಂದುಕೊಂಡು ಕಾಲು ಇಡುತ್ತೀರಿ, ಇರುವುದಿಲ್ಲ. ಧಡಕ್ಕನೆ ನೆಲಕ್ಕೆ ಕಾಲು ಬಡಿದು ಇಡೀ ಮೈ ನಡುಗುತ್ತದೆ. ಅಷ್ಟೊಂದು ಆಘಾತ ಯಾಕೆ? ಕಾಲು ಯಾವಾಗ ನೆಲ ಮುಟ್ಟುತ್ತದೆ, ಮುಟ್ಟಿದಾಗ ಮೊಣಕಾಲು ಎಷ್ಟು ಬಗ್ಗಬೇಕು ಅಂತ ಕಿರುಮೆದುಳು ಮೊದಲೇ ಲೆಕ್ಕ ಹಾಕಿಟ್ಟಿತ್ತು. ಲೆಕ್ಕ ತಪ್ಪಿತು. ನಾವು ಇಡುವ ಪ್ರತಿ ಹೆಜ್ಜೆಯ ಹಿಂದೆಯೂ ಇಂಥ ಒಂದು ಲೆಕ್ಕ ಇದೆ, ತಪ್ಪಿದಾಗ ಮಾತ್ರ ನಮಗೆ ಗೊತ್ತಾಗುತ್ತದೆ.

ಮುಂದಾಗಿ ಲೆಕ್ಕ ಹಾಕಲೇಬೇಕು, ಬೇರೆ ದಾರಿ ಇಲ್ಲ. ಪಾದ ಎಲ್ಲಿದೆ ಅನ್ನುವ ಸುದ್ದಿ ಬೆನ್ನುಹುರಿ ಹತ್ತಿ ಮೆದುಳಿಗೆ ಬಂದು, ಅದಕ್ಕೆ ಉತ್ತರ ತಿರುಗಿ ಸ್ನಾಯುವಿಗೆ ಹೋಗುವಷ್ಟರಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ ಕಳೆದಿರುತ್ತದೆ. ಅಷ್ಟರಲ್ಲಿ ಮೈ ವಾಲಿ ಆಗಿರುತ್ತದೆ. ಹಾಗಾಗಿ ಮುಮ್ಮೆದುಳು ಕಾಲಿಗೆ 'ನಡಿ' ಅಂತ ಆಜ್ಞೆ ಕಳಿಸುವಾಗಲೇ ಅದರ ಒಂದು ನಕಲು ಕಿರುಮೆದುಳಿಗೂ ಬರುತ್ತದೆ. ಕಾಲು, ಕಣ್ಣು, ಒಳಗಿವಿ ಇವುಗಳಿಂದ ಸುದ್ದಿಯೂ ಬರುತ್ತಿರುತ್ತದೆ. ಆಗಬೇಕಾದ್ದು ಏನು, ಆಗುತ್ತಿರುವುದು ಏನು ಅಂತ ಎರಡನ್ನೂ ಪಕ್ಕಪಕ್ಕ ಇಟ್ಟು, ವ್ಯತ್ಯಾಸ ಕಂಡ ಕೂಡಲೇ ತಿದ್ದುಪಡಿ ಕಳಿಸುತ್ತದೆ. ಇದು ಎಷ್ಟು ಸದ್ದಿಲ್ಲದೆ ನಡೆಯುತ್ತದೆ ಅಂದರೆ, ಇಂಥದ್ದೊಂದು ನಡೆಯುತ್ತಿದೆ ಅಂತ ನಮಗೆ ಅನಿಸುವುದೇ ಇಲ್ಲ.

ಇದು ಇಲ್ಲದಿದ್ದರೆ ಹೇಗಿರುತ್ತದೆ ಅನ್ನುವುದನ್ನು ಮೊದಲು ವಿವರವಾಗಿ ಬರೆದಿಟ್ಟವರಲ್ಲಿ ಗಾರ್ಡನ್ ಹೋಮ್ಸ್ ಅನ್ನುವ ನರವೈದ್ಯರು ಮುಖ್ಯರು. ಮೊದಲ ಮಹಾಯುದ್ಧದಲ್ಲಿ ತಲೆಯ ಹಿಂಭಾಗಕ್ಕೆ ಗುಂಡು ತಗುಲಿ ಬದುಕಿ ಉಳಿದ ಸೈನಿಕರನ್ನು ಅವರು ಪರೀಕ್ಷೆ ಮಾಡಿ 1917ರಲ್ಲಿ ಪ್ರಕಟಿಸಿದರು. ಅವರ ರೋಗಿಯೊಬ್ಬ ಹೇಳಿದ ಮಾತು ನನಗೆ ತುಂಬ ಇಷ್ಟ. ಎಡಗೈ ತನ್ನಷ್ಟಕ್ಕೆ ತಾನೇ ಕೆಲಸ ಮಾಡುತ್ತದೆ, ಬಲಗೈಯಲ್ಲಿ ಮಾತ್ರ ಒಂದೊಂದು ಚಲನೆಯನ್ನೂ ಯೋಚಿಸಿ ಯೋಚಿಸಿ ಮಾಡಬೇಕು ಅನ್ನುವ ಅರ್ಥದ ಮಾತು ಅದು. ಅವನ ಕಿರುಮೆದುಳಿನ ಬಲಭಾಗಕ್ಕೆ ಪೆಟ್ಟಾಗಿತ್ತು. ಮುಮ್ಮೆದುಳಿನ ಎಡಭಾಗ ಮೈಯ ಬಲಗಡೆಯನ್ನು ನಡೆಸುತ್ತದೆ ಅಂತ ಶಾಲೆಯಲ್ಲಿ ಓದಿರುತ್ತೀರಿ. ಕಿರುಮೆದುಳಿನಲ್ಲಿ ಹಾಗಲ್ಲ, ಬಲಕ್ಕೆ ಪೆಟ್ಟಾದರೆ ಬಲಗೈ, ಬಲಗಾಲೇ ಕೆಡುತ್ತವೆ. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಈಗ ಎಣ್ಣೆಯ ವಿಷಯ. ಆಲ್ಕೊಹಾಲ್ ಸಣ್ಣ ಅಣು, ನೀರಿನಲ್ಲಿ ಸುಲಭವಾಗಿ ಬೆರೆಯುತ್ತದೆ. ರಕ್ತದಿಂದ ಮೆದುಳಿಗೆ ಹೋಗಲು ಅದಕ್ಕೆ ಯಾವ ತಡೆಯೂ ಇಲ್ಲ. ಅದು ಇಡೀ ಮೆದುಳನ್ನು ತಟ್ಟುತ್ತದೆ, ಕಿರುಮೆದುಳನ್ನೇ ಹುಡುಕಿಕೊಂಡು ಹೋಗುವುದಿಲ್ಲ. ಆದರೆ ಕಿರುಮೆದುಳಿನ ಕೆಲಸವೆಲ್ಲ ಸಮಯದ ಮೇಲೆ ನಿಂತಿದೆ, ಸ್ವಲ್ಪ ತಡವಾದರೂ ತಿದ್ದುಪಡಿ ಪ್ರಯೋಜನಕ್ಕೆ ಬರುವುದಿಲ್ಲ. ಹಾಗಾಗಿ ಅಲ್ಲಿನ ಸಣ್ಣ ಏರುಪೇರೂ ಹೊರಗೆ ಎದ್ದು ಕಾಣುತ್ತದೆ.

ಒಳಗೆ ಏನಾಗುತ್ತದೆ ಅಂತ ಸ್ವಲ್ಪ ನೋಡೋಣ. ಆ ಸಾವಿರಾರು ಕೋಟಿ ಕೋಶಗಳಲ್ಲಿ ಬಹುಪಾಲು ರಾಗಿಕಾಳಿನ ರಾಶಿಯ ಹಾಗೆ ಒತ್ತೊತ್ತಾಗಿ ಕೂತಿರುವ ಗ್ರ್ಯಾನ್ಯೂಲ್ ಕೋಶಗಳು. ಮೈಯಿಂದ, ಮುಮ್ಮೆದುಳಿನಿಂದ ಬರುವ ಸುದ್ದಿ ಮೊದಲು ಇವಕ್ಕೆ ತಲುಪುತ್ತದೆ. ಇವು ಅದನ್ನು ಪರ್ಕಿಂಜೆ ಅನ್ನುವ ದೊಡ್ಡ ಕೋಶಗಳಿಗೆ ದಾಟಿಸುತ್ತವೆ. ಮರದ ಕೊಂಬೆಗಳ ಹಾಗೆ ಕವಲು ಹರಡಿರುವ ಒಂದೊಂದು ಪರ್ಕಿಂಜೆ ಕೋಶಕ್ಕೂ ಲಕ್ಷಕ್ಕಿಂತ ಹೆಚ್ಚು ತಂತುಗಳಿಂದ ಸುದ್ದಿ ಬರುತ್ತದೆ, ಇಷ್ಟೆಲ್ಲ ಕೇಳಿಸಿಕೊಂಡು ಅದು ತಿದ್ದುಪಡಿಯನ್ನು ಹೊರಗೆ ಕಳಿಸುತ್ತದೆ. ಎಲ್ಲ ಕಾಳೂ ಒಟ್ಟಿಗೆ ಕೂಗಿದರೆ ಬರೀ ಗದ್ದಲ ಆಗುತ್ತದಲ್ಲ, ಅದಕ್ಕೆ ಅವುಗಳ ಮಧ್ಯೆ ಗಾಲ್ಜಿ ಕೋಶಗಳಿವೆ. ಇವು ಗಾಬಾ ಅನ್ನುವ ರಾಸಾಯನಿಕ ಬಿಟ್ಟು ಗ್ರ್ಯಾನ್ಯೂಲ್ ಕೋಶಗಳಿಗೆ ಬ್ರೇಕ್ ಹಾಕುತ್ತಿರುತ್ತವೆ. ಆಲ್ಕೊಹಾಲ್ ಬಂದಾಗ ಈ ಬ್ರೇಕ್ ಇನ್ನೂ ಬಿಗಿಯಾಗುತ್ತದೆ. ಇಲಿಗಳ ಕಿರುಮೆದುಳಿನ ಮೇಲೆ ಮಾಡಿದ ಪ್ರಯೋಗಗಳಲ್ಲಿ ಇದು ಕಂಡಿದೆ. ಬ್ರೇಕ್ ಬಿಗಿಯಾದರೆ ಪರ್ಕಿಂಜೆ ಕೋಶಕ್ಕೆ ತಲುಪುವ ಸುದ್ದಿ ತೆಳುವಾಗುತ್ತದೆ. ಕಾಲು ಎಲ್ಲಿದೆ ಅಂತ ಸರಿಯಾಗಿ ಗೊತ್ತಾಗದೆ ತಿದ್ದುಪಡಿ ಹೊರಡುತ್ತದೆ. ಒಂದು ಸಲ ಕಡಿಮೆ, ಇನ್ನೊಂದು ಸಲ ಜಾಸ್ತಿ. ಎಡಕ್ಕೆ ವಾಲಿದ್ದನ್ನು ಸರಿಮಾಡಲು ಹೋಗಿ ಬಲಕ್ಕೆ ಜಾಸ್ತಿ ವಾಲುತ್ತದೆ, ಅದನ್ನು ಸರಿಮಾಡಲು ಮತ್ತೆ ಎಡಕ್ಕೆ. ನಾವು ತೂರಾಟ ಅನ್ನುವುದು ಇದಕ್ಕೇ.

ನಾಲಿಗೆಯ ಕಥೆಯೂ ಬೇರೆಯಲ್ಲ. ಮಾತಾಡುವಾಗ ನಾವು ಸೆಕೆಂಡಿಗೆ ಹತ್ತರ ಆಸುಪಾಸು ಧ್ವನಿಗಳನ್ನು ಹೊರಡಿಸುತ್ತೇವೆ. ಪ್ರತಿಯೊಂದಕ್ಕೂ ತುಟಿ, ನಾಲಿಗೆ, ಗಂಟಲು, ಉಸಿರು ನಾಲ್ಕೂ ಸರಿಯಾದ ಗಳಿಗೆಯಲ್ಲಿ ಸರಿಯಾದ ಜಾಗದಲ್ಲಿರಬೇಕು. ಒಂದು ಪರೀಕ್ಷೆ ಇದೆ, ಈಗಲೇ ಮಾಡಿ ನೋಡಿ. 'ಪ-ಟ-ಕ, ಪ-ಟ-ಕ' ಅಂತ ಬೇಗಬೇಗ ಹೇಳಿ. 'ಪ'ಗೆ ತುಟಿ ಮುಚ್ಚಬೇಕು, 'ಟ'ಗೆ ನಾಲಿಗೆ ತುದಿ ಮೇಲಕ್ಕೆ ಮಡಚಬೇಕು, 'ಕ'ಗೆ ನಾಲಿಗೆಯ ಹಿಂಭಾಗ ಏಳಬೇಕು. ಸಭೆಯಲ್ಲಿ ಎಲ್ಲರೂ ಒಟ್ಟಿಗೆ ಹೇಳಿದಾಗ ಗಡಿಯಾರದ ಟಿಕ್ ಟಿಕ್ ಹಾಗೆ ಸಮವಾಗಿ ಬಂತು. ಕಿರುಮೆದುಳು ಕೆಟ್ಟವರಲ್ಲಿ ಇದು ಸಮವಾಗಿ ಬರುವುದಿಲ್ಲ. ಒಂದು 'ಪಟಕ' ಗಟ್ಟಿ, ಮುಂದಿನದು ಮೆತ್ತಗೆ, ನಡುವೆ ಒಂದು ಎಳೆತ, ಆಮೇಲೆ ಒಂದರ ಮೇಲೊಂದು ಬಿದ್ದ ಹಾಗೆ ಎರಡು. ಕುಡಿದವರಲ್ಲಿ ಮಾತು ನಿಧಾನವಾಗುತ್ತದೆ, ಅಕ್ಷರಗಳು ಅಂಟಿಕೊಳ್ಳುತ್ತವೆ. 'ಸ' ಅನ್ನಲು ನಾಲಿಗೆ ಹಲ್ಲಿನ ಹಿಂದೆ ಕೂದಲೆಳೆಯಷ್ಟು ಸಂದು ಬಿಡಬೇಕು. ನಾಲಿಗೆ ಸ್ವಲ್ಪ ಹಿಂದೆ ನಿಂತರೂ ಸಾಕು, 'ಸರಿ ಸಾರ್' ಅನ್ನುವುದು 'ಶರಿ ಶಾರ್' ಆಗಿಬಿಡುತ್ತದೆ. ಬೀಗದ ಕೈ ತೂತಿನ ಪಕ್ಕಕ್ಕೆ ಬಿದ್ದ ಹಾಗೆಯೇ ನಾಲಿಗೆಯೂ ತನ್ನ ಜಾಗದ ಪಕ್ಕಕ್ಕೆ ಬೀಳುತ್ತದೆ.

ಇನ್ನು ನೆಲದ ಮೇಲಿನ ಗೆರೆಗೆ ಬರೋಣ. ಅಮೆರಿಕದಲ್ಲಿ ಪೊಲೀಸರು ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ ಡ್ರೈವರನ್ನು ಗೆರೆ ಮೇಲೆ ನಡೆಸುವುದನ್ನು ವಿಡಿಯೋಗಳಲ್ಲಿ ನೋಡಿರುತ್ತೀರಿ. ಮೊದಲು ಒಬ್ಬೊಬ್ಬ ಪೊಲೀಸ್ ಒಂದೊಂದು ರೀತಿ ಪರೀಕ್ಷೆ ಮಾಡುತ್ತಿದ್ದರು. 1970ರ ದಶಕದಲ್ಲಿ ಅಲ್ಲಿನ ಹೆದ್ದಾರಿ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಕ್ಯಾಲಿಫೋರ್ನಿಯಾದ ಮಾರ್ಸೆಲಿನ್ ಬರ್ನ್ಸ್ ಮತ್ತು ಹರ್ಬರ್ಟ್ ಮಾಸ್ಕೊವಿಟ್ಜ್ ಅನ್ನುವ ಸಂಶೋಧಕರಿಗೆ ಈ ಕೆಲಸ ಒಪ್ಪಿಸಿತು. ಜನರಿಗೆ ಕುಡಿಸಿ, ಹಲವು ಪರೀಕ್ಷೆಗಳನ್ನು ಮಾಡಿಸಿ, ಕೊನೆಗೆ ಮೂರನ್ನು ಉಳಿಸಿಕೊಂಡರು. ಗೆರೆ ಮೇಲೆ ನಡೆಯುವುದು, ಒಂಟಿ ಕಾಲಲ್ಲಿ ನಿಲ್ಲುವುದು, ಪೆನ್ನಿನ ತುದಿಯನ್ನು ಕಣ್ಣಿನಲ್ಲಿ ಹಿಂಬಾಲಿಸುವುದು.

ನಡೆಯುವ ಪರೀಕ್ಷೆಯನ್ನು ಪೂರ್ತಿ ಹೇಳುತ್ತೇನೆ. ಮೊದಲು ಗೆರೆ ಮೇಲೆ ಎಡಗಾಲು ಇಟ್ಟು, ಅದರ ಮುಂದೆ ಬಲಗಾಲಿನ ಹಿಮ್ಮಡಿ ಎಡಗಾಲಿನ ಬೆರಳಿಗೆ ತಾಗುವ ಹಾಗೆ ಇಟ್ಟು ನಿಲ್ಲಬೇಕು. ಕೈ ಎರಡೂ ಪಕ್ಕದಲ್ಲಿ. ಹಾಗೆ ನಿಂತೇ ಪೊಲೀಸ್ ಹೇಳುವುದನ್ನು ಕೇಳಬೇಕು, ಹೇಳಿ ಮುಗಿಯುವ ತನಕ ಹೊರಡಬಾರದು. ಆಮೇಲೆ ಹಿಮ್ಮಡಿಗೆ ಬೆರಳು ತಾಗಿಸಿಕೊಂಡು ಒಂಬತ್ತು ಹೆಜ್ಜೆ, ಪ್ರತಿ ಹೆಜ್ಜೆಯನ್ನೂ ಬಾಯಿಬಿಟ್ಟು ಎಣಿಸುತ್ತಾ. ಒಂಬತ್ತನೆಯದರಲ್ಲಿ ಒಂದು ಕಾಲನ್ನು ಗೆರೆ ಮೇಲೇ ಇಟ್ಟು, ಇನ್ನೊಂದರಿಂದ ಸಣ್ಣಸಣ್ಣ ಹೆಜ್ಜೆ ಹಾಕಿ ತಿರುಗಬೇಕು. ಮತ್ತೆ ಒಂಬತ್ತು ಹೆಜ್ಜೆ ವಾಪಸ್. ನೋಡುವವರು ಎಂಟು ತಪ್ಪುಗಳಿಗೆ ಕಾದಿರುತ್ತಾರೆ: ಕೇಳಿಸಿಕೊಳ್ಳುವಾಗಲೇ ಓಲಾಡುವುದು, ಮೊದಲೇ ಹೊರಟುಬಿಡುವುದು, ನಡುವೆ ನಿಲ್ಲುವುದು, ಹಿಮ್ಮಡಿಗೂ ಬೆರಳಿಗೂ ಸಂದು ಬಿಡುವುದು, ಗೆರೆ ಬಿಟ್ಟು ಇಳಿಯುವುದು, ಕೈ ಎತ್ತುವುದು, ತಪ್ಪಾಗಿ ತಿರುಗುವುದು, ಹೆಜ್ಜೆ ಲೆಕ್ಕ ತಪ್ಪುವುದು. ಎರಡು ಸಿಕ್ಕರೆ ಅನುಮಾನ ಗಟ್ಟಿ.

ಇಷ್ಟೊಂದು ಕಟ್ಟಳೆ ಸುಮ್ನೆ ಅಲ್ಲ. ಕಿರುಮೆದುಳು ಕೈಕೊಟ್ಟಾಗ ಮನುಷ್ಯ ತನಗೆ ಗೊತ್ತಿಲ್ಲದೆಯೇ ಕೆಲವು ಆಸರೆ ಹುಡುಕಿಕೊಳ್ಳುತ್ತಾನೆ. ಕಾಲು ಅಗಲಿಸುತ್ತಾನೆ, ದೋಣಿಯಲ್ಲಿ ನಿಂತವರ ಹಾಗೆ. ಕೈ ಬಿಚ್ಚುತ್ತಾನೆ. ಬೇರೆ ಕಡೆ ಗಮನ ಕೊಡದೆ ಒಂದೊಂದು ಹೆಜ್ಜೆಯನ್ನೂ ಯೋಚಿಸಿ ಇಡುತ್ತಾನೆ, ಹೋಮ್ಸ್ ಅವರ ಆ ಸೈನಿಕನ ಬಲಗೈಯ ಹಾಗೆ. ಅರ್ಧಂಬರ್ಧ ಕುಡಿದವರು ಮನೆ ತನಕ ನೆಟ್ಟಗೆ ನಡೆದುಕೊಂಡು ಬರುವುದು ಈ ಮೂರರ ಬಲದಿಂದ. ಈ ಪರೀಕ್ಷೆ ಆ ಮೂರನ್ನೂ ಕಿತ್ತುಕೊಳ್ಳುತ್ತದೆ. ಹಿಮ್ಮಡಿಗೆ ಬೆರಳು ತಾಗಿಸಿದರೆ ಕಾಲು ಅಗಲಿಸುವ ಹಾಗಿಲ್ಲ. ಕೈ ಪಕ್ಕದಲ್ಲೇ ಇರಬೇಕು. ಎಣಿಸುತ್ತಾ, ನಿಯಮ ನೆನಪಿಟ್ಟುಕೊಳ್ಳುತ್ತಾ ನಡೆಯಬೇಕಾದ್ದರಿಂದ ಯೋಚನೆಯೂ ಬೇರೆ ಕಡೆ ಹೋಗಿರುತ್ತದೆ. ಕಿರುಮೆದುಳು ಒಂದೇ ಉಳಿಯುತ್ತದೆ. ಒಂಟಿ ಕಾಲಲ್ಲಿ ನಿಂತು ಪಾದವನ್ನು ನೆಲದಿಂದ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಎತ್ತಿ 30 ಸೆಕೆಂಡ್ ಎಣಿಸುವುದರ ಹಿಂದೆ ಇರುವುದೂ ಇದೇ ಯೋಚನೆ.

ಕಣ್ಣಿನ ಪರೀಕ್ಷೆ ನನಗೆ ಇನ್ನೂ ಸೊಗಸಾಗಿ ಕಾಣುತ್ತದೆ, ಯಾಕೆಂದರೆ ಅದರಲ್ಲಿ ನಾಟಕ ಆಡಲು ಆಗುವುದಿಲ್ಲ. ಮುಖದಿಂದ ಒಂದಡಿ ಆಚೆ ಪೆನ್ನು ಹಿಡಿದು ನಿಧಾನವಾಗಿ ಪಕ್ಕಕ್ಕೆ ಸರಿಸುತ್ತಾರೆ, ತಲೆ ಅಲ್ಲಾಡಿಸದೆ ಕಣ್ಣಲ್ಲೇ ಹಿಂಬಾಲಿಸಬೇಕು. ಕಣ್ಣುಗುಡ್ಡೆಯನ್ನು ಪಕ್ಕದಲ್ಲಿ ಹಿಡಿದಿಡುವುದು ರಬ್ಬರ್ ಬ್ಯಾಂಡ್ ಎಳೆದು ಹಿಡಿದಂತೆ, ಬಿಟ್ಟರೆ ನಡುವಿಗೆ ವಾಪಸ್ ಬರುತ್ತದೆ. ಬಿಡದೆ ಹಿಡಿಯಲು ಕಿರುಮೆದುಳಿನ ಸಹಾಯ ಬೇಕು. ಕುಡಿದಾಗ ಹಿಡಿತ ಸೋರುತ್ತದೆ. ಕಣ್ಣು ನಿಧಾನವಾಗಿ ನಡುವಿಗೆ ಜಾರುತ್ತದೆ, ಚಕ್ಕನೆ ಪಕ್ಕಕ್ಕೆ ಹಾರುತ್ತದೆ, ಮತ್ತೆ ಜಾರುತ್ತದೆ. ಎದುರಿಗೆ ನಿಂತವರಿಗೆ ಕಣ್ಣು ಪಟಪಟ ಕುಣಿದ ಹಾಗೆ ಕಾಣುತ್ತದೆ. ಕುಡಿದವನಿಗೆ ಇದು ಗೊತ್ತೇ ಆಗುವುದಿಲ್ಲ, ಗೊತ್ತಾದರೂ ತಡೆಯಲು ಆಗುವುದಿಲ್ಲ.

ಹಾಗಂತ ಈ ಪರೀಕ್ಷೆಗಳನ್ನು ಪೂರ್ತಿ ನಂಬುವ ಹಾಗಿಲ್ಲ. ರಕ್ತದಲ್ಲಿ 100 ಮಿಲಿ ಲೀಟರಿಗೆ 100 ಮಿಲಿಗ್ರಾಂ ಆಲ್ಕೊಹಾಲ್ ಇದೆಯೋ ಇಲ್ಲವೋ ಅಂತ ಹೇಳುವಲ್ಲಿ ಗೆರೆ ನಡಿಗೆ ಒಂದೇ ಸರಿಬಂದದ್ದು ನೂರಕ್ಕೆ 68 ಸಲ, ಒಂಟಿ ಕಾಲು 65, ಕಣ್ಣು 77. ಇವು ಆ ಸಂಶೋಧಕರೇ 1981ರಲ್ಲಿ ಕೊಟ್ಟ ಲೆಕ್ಕ. ಮಂಡಿನೋವು ಇದ್ದವರು, 65 ದಾಟಿದವರು, ತುಂಬ ದಪ್ಪ ಇರುವವರು, ಕಿವಿಯ ತೊಂದರೆ ಇರುವವರು ಒಂದು ಹನಿ ಮುಟ್ಟದೆಯೂ ತಪ್ಪಬಹುದು. ದಿನಾ ಕುಡಿಯುವವರ ವಿಷಯ ಉಲ್ಟಾ. ಅವರ ಮೆದುಳು ಒಗ್ಗಿಕೊಂಡಿರುತ್ತದೆ, ಬೇರೆಯವರು ಮಲಗಿಬಿಡುವಷ್ಟು ಕುಡಿದೂ ಗೆರೆ ಮೇಲೆ ಚೆನ್ನಾಗಿ ನಡೆಯಬಲ್ಲರು. ಅದೇ ಜನ ವರ್ಷಗಟ್ಟಲೆ ಕುಡಿದ ಮೇಲೆ, ಊಟ ಸರಿಯಿಲ್ಲದೆ ಬಿ1 ವಿಟಮಿನ್ ಕೊರತೆಯೂ ಸೇರಿಕೊಂಡು, ಕಿರುಮೆದುಳಿನ ನಡುಭಾಗ ಸವೆದುಹೋಗುತ್ತದೆ. ಆಗ ಕುಡಿಯದ ದಿನವೂ ಕಾಲು ಅಗಲಿಸಿಯೇ ನಡೆಯುತ್ತಾರೆ. ಅದು ಬೆಳಗಾದರೆ ಇಳಿಯುವ ತೂರಾಟ ಅಲ್ಲ.

ನಮ್ಮಲ್ಲಿ ಪೊಲೀಸರು ಗೆರೆ ಎಳೆಯುವುದಿಲ್ಲ, 'ಊದಿ' ಅನ್ನುತ್ತಾರೆ. ಅದಕ್ಕೆ ಕಾರಣ ಇದೆ. 1988ರ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ ನಮ್ಮ ಮಿತಿ 100 ಮಿಲಿ ಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಅದನ್ನು ಉಸಿರು ಪರೀಕ್ಷೆಯ ಯಂತ್ರದಲ್ಲೋ ಪ್ರಯೋಗಾಲಯದಂಥ ಬೇರೆ ಪರೀಕ್ಷೆಯಲ್ಲೋ ನೋಡಬೇಕು. 30ರಲ್ಲಿ ಬಹಳಷ್ಟು ಜನ ಗೆರೆ ಮೇಲೆ ನೆಟ್ಟಗೆ ನಡೆಯುತ್ತಾರೆ, ಮಾತೂ ತೊದಲುವುದಿಲ್ಲ. ಅಮೆರಿಕದ ಆ ಪರೀಕ್ಷೆಗಳು ಮೊದಲು 100ಕ್ಕೆ, ಆಮೇಲೆ 80ಕ್ಕೆ ಹೊಂದಿಸಿಕೊಂಡವು. ನಡಿಗೆ ನೋಡಿ ನಮ್ಮ ಮಿತಿಯನ್ನು ಹಿಡಿಯಲು ಆಗುವುದಿಲ್ಲ.

ನಡಿಗೆ ನೋಡುವ ಕೆಲಸ ನಮ್ಮಲ್ಲಿ ಬರುವುದು ಆಸ್ಪತ್ರೆಯಲ್ಲಿ. ಪೊಲೀಸರು ಕರೆತಂದವರ ವಾಸನೆ, ಮಾತು, ನಡಿಗೆ, ಬೆರಳಿಂದ ಮೂಗು ಮುಟ್ಟುವುದು ಇವನ್ನು ನೋಡಿ ಡಾಕ್ಟರ್ ಬರೆದುಕೊಡಬೇಕು. ನಾನು ಹಲವು ವರ್ಷ ರಾತ್ರಿ ಪಾಳಿಯಲ್ಲಿ ಇದನ್ನು ಮಾಡಿದ್ದೇನೆ. ಅಲ್ಲಿನ ಒಂದು ರಾತ್ರಿಯನ್ನು ಹೇಳದೆ ಇರಲಾರೆ.

ಹನ್ನೊಂದು ಗಂಟೆ ಹೊತ್ತಿಗೆ ಗಾರೆ ಕೆಲಸದವರೊಬ್ಬರನ್ನು ತಂದರು, ಐವತ್ತರ ಆಸುಪಾಸು. ಬಸ್ ಸ್ಟ್ಯಾಂಡಿನಲ್ಲಿ ಬಿದ್ದಿದ್ದರು. ಬಾಯಲ್ಲಿ ವಾಸನೆ ಇತ್ತು, ಮಾತು ತೊದಲುತ್ತಿತ್ತು, ಎರಡು ಸಲ ವಾಂತಿ ಆಗಿತ್ತು. "ಒಂದು ಕ್ವಾರ್ಟರ್ ಅಷ್ಟೇ ಸಾರ್ ನಾವಿಬ್ರೂ ಸೇರಿ ಕುಡಿದಿದ್ದು" ಅಂತ ಜೊತೆಗಿದ್ದವರು ಹೇಳುತ್ತಲೇ ಇದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ನಾನೂ ಹಾಕಿಕೊಳ್ಳಲಿಲ್ಲ. ಮೂಲೆಯ ಮಂಚದಲ್ಲಿ ಮಲಗಿಸಿ, ಇಳಿಯಲಿ ಅಂತ ಬಿಟ್ಟೆವು. ಎರಡು ಗಂಟೆ ಆದ ಮೇಲೆ ನರ್ಸ್ ಬಂದು, "ಡಾಕ್ಟ್ರೇ, ಇವರು ತಲೆ ಹಿಂದೆ ನೋವು ಅಂತಿದ್ದಾರೆ, ಕೂರಿಸಿದ್ರೆ ಪ್ರತಿ ಸಲ ಬಲಕ್ಕೇ ಬೀಳ್ತಿದ್ದಾರೆ" ಅಂದರು. ಹೋಗಿ ಎಡಗೈ ಬೆರಳಿಂದ ಮೂಗು ಮುಟ್ಟಿಸಿದೆ. ನೆಟ್ಟಗೆ ಮುಟ್ಟಿದರು. ಬಲಗೈ ಮೂಗಿನ ಹತ್ತಿರ ಬರುತ್ತಾ ಬರುತ್ತಾ ನಡುಗಿ ಕೆನ್ನೆಗೆ ಬಡಿಯಿತು. ಮತ್ತೆ ಮಾಡಿಸಿದೆ, ಮತ್ತೆ ಕೆನ್ನೆ.

ಮದ್ಯಕ್ಕೆ ಎಡ ಬಲ ಇಲ್ಲ. ರಕ್ತದಲ್ಲಿ ಬಂದದ್ದು ಕಿರುಮೆದುಳಿನ ಎರಡೂ ಕಡೆ ಒಂದೇ ಸಮ ತಟ್ಟುತ್ತದೆ. ಒಂದೇ ಕಡೆ ಕೆಟ್ಟಿದೆ ಅಂದರೆ ಅದು ಎಣ್ಣೆಯ ಕೆಲಸ ಅಲ್ಲ. ಸ್ಕ್ಯಾನ್ ಮಾಡಿಸಿದಾಗ ಕಿರುಮೆದುಳಿನ ಬಲಭಾಗದಲ್ಲಿ ರಕ್ತ ಸೋರಿತ್ತು. ಆ ಜಾಗ ತುಂಬ ಇಕ್ಕಟ್ಟು. ಅಲ್ಲಿ ಊತ ಬಂದರೆ ಮೆದುಳಿನ ನೀರು ಹರಿಯುವ ದಾರಿ ಮುಚ್ಚುತ್ತದೆ, ಪಕ್ಕದಲ್ಲೇ ಉಸಿರಾಟ ನಡೆಸುವ ಭಾಗವೂ ಇದೆ. ಬೆಳಗಿನ ಜಾವ ಆಪರೇಷನ್ ಆಯಿತು, ಬದುಕಿದರು. ಆರು ತಿಂಗಳಾದ ಮೇಲೆ ಬಂದಾಗ ಕಾಲು ಸ್ವಲ್ಪ ಅಗಲಿಸಿ ನಡೆಯುತ್ತಿದ್ದರು. ಆ ಎರಡು ಗಂಟೆ ಈಗಲೂ ನನ್ನನ್ನು ಚುಚ್ಚುತ್ತದೆ. ಅಂದಿನಿಂದ ಕುಡಿದಿದ್ದಾರೆ ಅಂತ ಯಾರನ್ನೇ ತಂದರೂ ಮೊದಲು ಬೆರಳು ಚುಚ್ಚಿ ಸಕ್ಕರೆ ನೋಡುತ್ತೇನೆ, ಯಾಕೆಂದರೆ ಸಕ್ಕರೆ ತೀರಾ ಇಳಿದವರೂ ಹೀಗೇ ತೊದಲುತ್ತಾರೆ. ಆಮೇಲೆ ಎರಡು ಕೈಯನ್ನೂ ಬೇರೆಬೇರೆಯಾಗಿ ಮೂಗು ಮುಟ್ಟಿಸುತ್ತೇನೆ. ಗಂಟೆ ಕಳೆದಂತೆ ಸುಧಾರಿಸಬೇಕಾದವರು ಹದಗೆಡುತ್ತಿದ್ದರೆ ಕಾಯುವುದಿಲ್ಲ.

ಕೊನೆಗೆ ಸಭೆಯಲ್ಲಿ ಒಬ್ಬರು ಕೇಳಿದರು: ಮಜ್ಜಿಗೆ, ನಿಂಬೆಹಣ್ಣು, ಕಾಫಿ ಕೊಟ್ಟರೆ ಇಳಿಯುತ್ತದಾ? ಇಲ್ಲ. ಕಾಫಿ ನಿದ್ದೆ ಓಡಿಸುತ್ತದೆ, ಗಾಲ್ಜಿ ಕೋಶದ ಬ್ರೇಕ್ ಸಡಿಲ ಮಾಡುವುದಿಲ್ಲ. ಆಲ್ಕೊಹಾಲನ್ನು ಕರಗಿಸುವುದು ಮುಖ್ಯವಾಗಿ ಯಕೃತ್ತು, ಅದು 100 ಮಿಲಿ ಲೀಟರ್ ರಕ್ತಕ್ಕೆ ಗಂಟೆಗೆ ಸುಮಾರು 15ರಿಂದ 20 ಮಿಲಿಗ್ರಾಂ ಲೆಕ್ಕದಲ್ಲಿ ಇಳಿಸುತ್ತದೆ, ಅವಸರ ಮಾಡಿಸಲು ಆಗುವುದಿಲ್ಲ. ಇನ್ನೊಂದು ವಿಷಯ 1919ರಲ್ಲೇ ಮೆಲನ್‌ಬಿ ಅನ್ನುವ ವಿಜ್ಞಾನಿ ನಾಯಿಗಳಲ್ಲಿ ಗಮನಿಸಿದ್ದರು. ರಕ್ತದಲ್ಲಿ ಅಷ್ಟೇ ಆಲ್ಕೊಹಾಲ್ ಇದ್ದರೂ, ಏರುವಾಗ ತೂರಾಟ ಜಾಸ್ತಿ, ಇಳಿಯುವಾಗ ಕಡಿಮೆ. ಅಂದರೆ ಕಾಲು ಬೇಗ ಸರಿಹೋಗುತ್ತದೆ, ರಕ್ತ ಆಮೇಲೆ. ಮದುವೆ ಪಾರ್ಟಿಯಲ್ಲಿ ಕುಡಿದು ರಾತ್ರಿ ಹನ್ನೆರಡಕ್ಕೆ 180ಕ್ಕೆ ಏರಿದವರನ್ನು ಲೆಕ್ಕ ಹಾಕಿ. ಗಂಟೆಗೆ 15ರಂತೆ ಬೆಳಗ್ಗೆ ಏಳಕ್ಕೆ ಇನ್ನೂ 75 ಉಳಿದಿರುತ್ತದೆ. ಸ್ನಾನ ಮಾಡಿ, ತಿಂಡಿ ತಿಂದು, ಮೆಟ್ಟಿಲು ಸಲೀಸಾಗಿ ಇಳಿದು, ಬೀಗದ ಕೈಯನ್ನು ಒಂದೇ ಸಲಕ್ಕೆ ತೂರಿಸಿ ಬೈಕ್ ಹತ್ತುತ್ತಾರೆ. ಅವರ ರಕ್ತ ನಮ್ಮ ಕಾಯ್ದೆಯ 30ಕ್ಕೆ ಇಳಿಯುವುದು ಹತ್ತು ಗಂಟೆಗೆ.